ಒಪ್ಪಾ ಅನ್ನಲೇ, ಸನ್‌ಬೆ ಅನ್ನಲೇ? ಲ್ಯಾಬಿನಲ್ಲಿ ಯಾರನ್ನು ಏನಂತ ಕರೆಯೋದು

ಸಹನಾ ಕೆ.

ಎಲ್ಲರಿಗೂ ನಮಸ್ಕಾರ. ಮಾಸ್ಟರ್ಸ್ ಮಾಡೋಕೆ ಈ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ದೇಜನ್‌ಗೆ ಬಂದಿದ್ದೇನೆ. ಕೊರಿಯನ್ ತಕ್ಕಮಟ್ಟಿಗೆ ಬರುತ್ತೆ. ಅಂಗಡಿ, ಬಸ್ಸು, ಬ್ಯಾಂಕು ಎಲ್ಲ ನಿಭಾಯಿಸುತ್ತೇನೆ. ಸಿಕ್ಕಿಹಾಕಿಕೊಂಡಿರುವುದು ಲ್ಯಾಬಿನಲ್ಲಿ. ಯಾರನ್ನು ಏನಂತ ಕರೆಯಬೇಕು ಅಂತಲೇ ಗೊತ್ತಾಗುತ್ತಿಲ್ಲ. ಕರೆಯುವ ತಾಪತ್ರಯವೇ ಬೇಡ ಅಂತ ಎದ್ದು ಹೋಗಿ ಅವರ ಮೇಜಿನ ಮುಂದೆ ನಿಂತು ಮಾತಾಡಿಸುತ್ತಿದ್ದೇನೆ.

ನಾನು ಹುಟ್ಟಿದ್ದು 1998ರ ನವೆಂಬರ್. ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದದ್ದರಿಂದ ಮಾಸ್ಟರ್ಸ್‌ನವರಲ್ಲಿ ನನ್ನದು ಸ್ವಲ್ಪ ಜಾಸ್ತಿ ವಯಸ್ಸು. ಲ್ಯಾಬಿನ ಲೀಡರ್ ಹುಡುಗ 2000ದಲ್ಲಿ ಹುಟ್ಟಿದವನು, ಆದರೆ ಪಿಎಚ್‌ಡಿಯಲ್ಲಿ 3ನೇ ವರ್ಷ. ಒಬ್ಬಳು ಹುಡುಗಿ 1999ರ ಫೆಬ್ರವರಿಯವಳು. ಅವಳು ನನ್ನ ಹುಟ್ಟಿದ ವರ್ಷ ಕೇಳಿದ ತಕ್ಷಣ "ಹಾಗಾದರೆ ನಾವು ಚಿಂಗು" ಅಂದಳು, ಸ್ನೇಹಿತೆಯರು ಅಂತ. 1999ರ ಆಗಸ್ಟ್‌ನ ಹುಡುಗ ಒಬ್ಬನಿದ್ದಾನೆ, ಅವನು ಆ ಹುಡುಗಿಯನ್ನು ಅಕ್ಕ ಅನ್ನೋ ಹಾಗೆ ನೂನಾ ಅನ್ನುತ್ತಾನೆ. ಇಬ್ಬರೂ ಒಂದೇ ವರ್ಷದವರು ತಾನೇ? ಇನ್ನೊಬ್ಬರು 1995ರವರು, ಕಂಪನಿ ಬಿಟ್ಟು ಬಂದವರು, ನನ್ನ ಜೊತೆಯೇ ಸೇರಿದವರು. ಅವರು ಮೊನ್ನೆ "ಸುಮ್ನೆ ಒಪ್ಪಾ ಅನ್ನು, ಪರವಾಗಿಲ್ಲ" ಅಂದರು. ನಾನು ನಕ್ಕು ಸುಮ್ಮನಾದೆ.

ಒಪ್ಪಾ ಅಂದರೆ ಅಣ್ಣ ಅಂತ ಗೊತ್ತು. ಆದರೆ ಹಾಗೆ ಕರೆದರೆ ಏನು ಅರ್ಥ ಹೋಗುತ್ತೆ? ಅನ್ನದಿದ್ದರೆ ಏನು ಅರ್ಥ ಹೋಗುತ್ತೆ?

ಡ್ರಾಮಾಹುಚ್ಚಿ

ಅಯ್ಯೋ ಸಹನಾ, ಇದು ಬಹಳ ಸುಲಭ. ಸನ್‌ಬೆ ಅಂದರೆ ಸೀನಿಯರ್. ಒಪ್ಪಾ ಅಂದರೆ ಇಷ್ಟ ಪಡುವ ಹುಡುಗ. ಮೊದಲು ಸನ್‌ಬೆ ಅಂತ ಇದ್ದವಳು ಒಂದು ದಿನ ಒಪ್ಪಾ ಅಂದಳೋ, ಕಥೆ ಅಲ್ಲಿಗೆ ಬಂತು ಅಂತ ಅರ್ಥ. ಅವರೇ ಅನ್ನು ಅಂತ ಹೇಳಿದ್ದಾರೆ ಅಂದ ಮೇಲೆ ಕೇಳಬೇಕಾ?

ಇನ್ನು ವಯಸ್ಸಿನ ವಿಷಯ. 2023ರಲ್ಲಿ ಅವರು ಕಾನೂನು ಬದಲಿಸಿದ್ದಾರೆ. ಹುಟ್ಟಿದಾಗಲೇ ಒಂದು ವರ್ಷ ಅನ್ನೋ ಲೆಕ್ಕ ಈಗ ಇಲ್ಲ. ನಮ್ಮ ಹಾಗೇ ಹುಟ್ಟಿದ ತಾರೀಖಿನಿಂದ ಎಣಿಸುತ್ತಾರೆ. ಹಾಗಾಗಿ ಫೆಬ್ರವರಿ ಹುಡುಗಿಗೆ ನೀನು ಒನ್ನಿ, ಅಂದರೆ ಅಕ್ಕನೇ. ಚಿಂಗು ಹೇಗಾಗುತ್ತೆ?

ವೈಟ್‌ಫೀಲ್ಡ್ ಮಂಜ

ನಾನು ಇಲ್ಲಿ ಬೆಂಗಳೂರಿನಲ್ಲೇ ಒಂದು ಕೊರಿಯನ್ ಕಂಪನಿಯಲ್ಲಿದ್ದೇನೆ. ನಮ್ಮಲ್ಲಿ ಒಪ್ಪಾ, ನೂನಾ ಯಾವುದೂ ಇಲ್ಲ. ಎಲ್ಲರಿಗೂ ಹೆಸರಿನ ಕೊನೆಗೆ ಗೌರವದ ನಿಮ್ ಹಚ್ಚಿದರೆ ಮುಗೀತು. ಮಂಜುನಾಥ್ ನಿಮ್, ಶ್ರೀಧರ್ ನಿಮ್. ಬಾಸ್‌ಗೂ ಅದೇ. ನೀವೂ ಹಾಗೇ ಮಾಡಿ, ತಲೆನೋವೇ ಇರಲ್ಲ.

ಸುವೋನ್ ರಘು

ಸಹನಾ ಅವರೇ, ನಿಮ್ಮ ಲ್ಯಾಬಿನಲ್ಲಿ ಎರಡು ಲೆಕ್ಕ ಒಟ್ಟಿಗೆ ಓಡುತ್ತಿವೆ. ಅದಕ್ಕೇ ಗೊಂದಲ. ಒಂದೊಂದಾಗಿ ನೋಡೋಣ.

ಮೊದಲು ಒಂದು ಮಾತು. ಕರೆಯುವುದನ್ನು ತಪ್ಪಿಸಿಕೊಂಡು ಇಲ್ಲಿ ಬಹಳ ದಿನ ಬದುಕೋಕೆ ಆಗಲ್ಲ. ನಮಗೆ "ನೀವು" ಅನ್ನೋ ಒಂದು ಪದ ಇದೆ. ಅಪರಿಚಿತರಿಗೂ ನೀವು, ಮಾವನಿಗೂ ನೀವು. ಕೊರಿಯನ್‌ನಲ್ಲಿ ಹಾಗೆ ಎಲ್ಲ ಕಡೆ ನಡೆಯುವ ಗೌರವದ "ನೀವು" ಇಲ್ಲ. ದಂಗ್ಶಿನ್ ಅಂತ ಒಂದಿದೆ, ಅದನ್ನು ಗಂಡ ಹೆಂಡತಿ ಹೇಳಿಕೊಳ್ಳುತ್ತಾರೆ, ಇಲ್ಲವೇ ರಸ್ತೆಯಲ್ಲಿ ಗಾಡಿ ತಾಗಿಸಿ ಜಗಳಕ್ಕೆ ನಿಂತವರು ಹೇಳುತ್ತಾರೆ. ಹಾಗಾಗಿ "ನೀವು ಊಟ ಮಾಡಿದ್ರಾ" ಅನ್ನಬೇಕಾದರೂ "ಸನ್‌ಬೆನಿಮ್ ಊಟ ಮಾಡಿದ್ರಾ", "ಒನ್ನಿ ಊಟ ಮಾಡಿದ್ರಾ" ಅನ್ನಬೇಕು. ಇವರಿಗೆ ನಾನು ಏನಾಗಬೇಕು ಅನ್ನುವುದು ತೀರ್ಮಾನ ಆಗದೆ ಮಾತೇ ಶುರುವಾಗಲ್ಲ. ಪರಿಚಯ ಆದ ಎರಡನೇ ನಿಮಿಷಕ್ಕೆ ಯಾವ ವರ್ಷ ಹುಟ್ಟಿದ್ದು ಅಂತ ಕೇಳುತ್ತಾರಲ್ಲ, ಅದು ಅಧಿಕಪ್ರಸಂಗ ಅಲ್ಲ. ಅದು ಗೊತ್ತಾಗದೆ ಅವರಿಗೆ ಬಾಯಿ ತೆರೆಯೋಕೆ ಕಷ್ಟ.

ಈಗ ಲೆಕ್ಕ. ಸನ್‌ಬೆ ಅನ್ನುವುದು ಯಾರು ಮೊದಲು ಸೇರಿದರು ಅನ್ನುವುದರ ಮೇಲೆ. ಶಾಲೆ, ಕಾಲೇಜು, ಕಂಪನಿ, ಎಲ್ಲ ಕಡೆ ಅಷ್ಟೇ. ವಯಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿ ನಿಮ್ಮ ಲೀಡರ್ ನಿಮಗಿಂತ ಚಿಕ್ಕವನಾದರೂ ಸನ್‌ಬೆ. ಶುರುವಿನಲ್ಲಿ ಸನ್‌ಬೆನಿಮ್ ಅನ್ನಿ. ಅವನು ನಿಮ್ಮನ್ನು "ಸಹನಾ ಸ್ಸಿ" ಅನ್ನುತ್ತಾನೆ, ನಮ್ಮ "ಸಹನಾ ಅವರೇ" ಇದ್ದ ಹಾಗೆ. ಅವನು ಸೇರಿದ್ದರಲ್ಲಿ ಹಿರಿಯ, ನೀವು ಹುಟ್ಟಿದ್ದರಲ್ಲಿ ಹಿರಿಯರು. ಆದ್ದರಿಂದ ಇಬ್ಬರೂ ಮಾತಿನ ಕೊನೆಗೆ "ಯೊ" ಹಚ್ಚಿ ಗೌರವದಲ್ಲೇ ಮಾತಾಡಿಕೊಂಡು ಇರುತ್ತೀರಿ. ಇಂಥ ಜೋಡಿಯಲ್ಲಿ ಸಲಿಗೆ ನಿಧಾನಕ್ಕೆ ಬರುತ್ತೆ. ಕೆಲವು ಸಲ ಬರೋದೇ ಇಲ್ಲ.

ಒಪ್ಪಾ, ಒನ್ನಿ, ಹ್ಯೊಂಗ್, ನೂನಾ ಇವು ವಯಸ್ಸಿನ ಮೇಲೆ. ಹೆಣ್ಣು ದೊಡ್ಡ ಗಂಡಸಿಗೆ ಒಪ್ಪಾ, ದೊಡ್ಡ ಹೆಣ್ಣಿಗೆ ಒನ್ನಿ. ಗಂಡು ದೊಡ್ಡ ಗಂಡಸಿಗೆ ಹ್ಯೊಂಗ್, ದೊಡ್ಡ ಹೆಣ್ಣಿಗೆ ನೂನಾ. ಆದರೆ ವಯಸ್ಸೊಂದೇ ಸಾಲದು, ಪರಿಚಯವೂ ಇರಬೇಕು. ನೆನಪಿಡಿ, ಚಿಕ್ಕವರನ್ನು ಕರೆಯೋಕೆ ಇಂಥ ಪದವೇ ಇಲ್ಲ. ಜೂನಿಯರ್‌ಗೆ ಹುಬೆ, ತಮ್ಮ ತಂಗಿಯರ ಥರದವರಿಗೆ ದೊಂಗ್ಸೆಂಗ್ ಅಂತ ಬೇರೆಯವರ ಹತ್ತಿರ ಹೇಳಬಹುದು, ಎದುರಿಗೆ ಹಾಗೆ ಕರೆಯೋದಿಲ್ಲ. ಹೆಸರೇ ಗತಿ.

ಫೆಬ್ರವರಿ ಹುಡುಗಿ ಮತ್ತು 95ರವರ ಬಗ್ಗೆ ಸಂಜೆ ಬರೆಯುತ್ತೇನೆ. ಮೀಟಿಂಗ್ ಇದೆ.

ನಿವೃತ್ತ ಮೇಷ್ಟ್ರು

ಎಂಥ ಸೊಗಸಾದ ಚರ್ಚೆ. ನಮ್ಮ "ಅಪ್ಪ"ನೇ ಅಲ್ಲಿಗೆ ಹೋಗಿ "ಒಪ್ಪಾ" ಆಗಿದ್ದಾನೆ ನೋಡಿ. ಒನ್ನಿ ಅನ್ನುವುದು ತಮಿಳಿನ ಅಣ್ಣಿಯೇ. ಹಲ್ಬರ್ಟ್ ಎಂಬ ಅಮೆರಿಕನ್ ಮಿಷನರಿ ಕೊರಿಯಾದಲ್ಲೇ ಇದ್ದುಕೊಂಡು 20ನೇ ಶತಮಾನದ ಆರಂಭದಲ್ಲಿ ಕೊರಿಯನ್ ಮತ್ತು ದ್ರಾವಿಡ ವ್ಯಾಕರಣಗಳನ್ನು ಹೋಲಿಸಿ ಪುಸ್ತಕವನ್ನೇ ಬರೆದಿದ್ದಾನೆ. ಹಾಗಾಗಿ ಮಗಳು ಸಂಕೋಚ ಪಡಬೇಕಿಲ್ಲ. ತಂದೆ ಸಮಾನರಾದವರನ್ನು ಹಾಗೆ ಕರೆಯುವುದು ನಮ್ಮಲ್ಲೂ ಇದೆ.

ಬುಸಾನ್ ಸೊಸೆ

ಮೇಷ್ಟ್ರೇ, ಕೊರಿಯಾದಲ್ಲೂ ಅಪ್ಪನಿಗೆ ಅಪ್ಪಾ ಅಂತಲೇ ಅನ್ನೋದು. ನನ್ನ ಮಗ ದಿನಾ ಕೂಗುತ್ತಾನೆ, ಯಾವ ಭಾಷೆಯಲ್ಲಿ ಕೂಗಿದ ಅಂತ ಕೇಳೋ ಹಾಗೇ ಇಲ್ಲ. ಒಪ್ಪಾ ಬೇರೆ, ಅದು ಅಣ್ಣ. 95ರಲ್ಲಿ ಹುಟ್ಟಿದವರನ್ನು ಪಾಪ ಸಹನಾಳ ತಂದೆ ಮಾಡಬೇಡಿ.

ಸುವೋನ್ ರಘು

ಮೇಷ್ಟ್ರೇ, ಹಲ್ಬರ್ಟ್ ಪುಸ್ತಕ ಇದೆ, ನಿಜ. ಆದರೆ ಆ ಸಂಬಂಧವನ್ನು ಇವತ್ತಿನ ಭಾಷಾಶಾಸ್ತ್ರಜ್ಞರು ಒಪ್ಪುವುದಿಲ್ಲ. ಅಪ್ಪ, ಅಮ್ಮ ಥರದ ಪದಗಳು ಮಗು ಮೊದಲು ನುಡಿಯುವ ಸದ್ದುಗಳಿಂದ ಎಷ್ಟೋ ಭಾಷೆಗಳಲ್ಲಿ ಹುಟ್ಟಿಕೊಂಡಿವೆ. ಅದನ್ನು ಬೇರೆ ಕಡೆ ಮಾತಾಡೋಣ, ಇಲ್ಲಿ ಹಾದಿ ತಪ್ಪುತ್ತೆ.

ಈಗ ಫೆಬ್ರವರಿ ಹುಡುಗಿ. ಡ್ರಾಮಾಹುಚ್ಚಿ ಅವರು ಹೇಳಿದ ಕಾನೂನು ನಿಜ. 2023ರ ಜೂನ್ 28ರಿಂದ ಸರ್ಕಾರಿ ಕಾಗದಗಳಲ್ಲಿ ಹುಟ್ಟುಹಬ್ಬದ ಲೆಕ್ಕದ ವಯಸ್ಸೇ. ಆದರೆ ಯಾರು ಯಾರಿಗೆ ಹ್ಯೊಂಗ್, ಯಾರು ಒನ್ನಿ ಅನ್ನೋದನ್ನು ಯಾವ ಕಾನೂನೂ ಮುಟ್ಟಿಲ್ಲ. ಜನ ಈಗಲೂ ನೋಡೋದು ಹುಟ್ಟಿದ ವರ್ಷವನ್ನೇ. ಅಷ್ಟೇಕೆ, ಸಿಗರೇಟು, ಹೆಂಡ ಮಾರೋದಕ್ಕೆ ಮತ್ತು ಸೈನ್ಯದ ಕರೆಗೆ ಸರ್ಕಾರವೂ ಹುಟ್ಟಿದ ವರ್ಷದ ಲೆಕ್ಕವನ್ನೇ ಉಳಿಸಿಕೊಂಡಿದೆ.

ಹುಟ್ಟಿದ ವರ್ಷವೇ ಲೆಕ್ಕವಾದರೆ 98ರ ಸಹನಾ, 99ರ ಆ ಹುಡುಗಿಗೆ ಒನ್ನಿ ಆಗಬೇಕಿತ್ತು, ಅಲ್ವಾ? ಇಲ್ಲೊಂದು ಗಂಟಿದೆ. ಹಿಂದೆ ಶಾಲೆಗೆ ಸೇರಿಸುವಾಗ ಮಾರ್ಚ್‌ನಿಂದ ಮುಂದಿನ ಫೆಬ್ರವರಿವರೆಗೆ ಹುಟ್ಟಿದವರನ್ನು ಒಂದು ತಂಡ ಮಾಡುತ್ತಿದ್ದರು. ಅಂದರೆ 99ರ ಜನವರಿ, ಫೆಬ್ರವರಿ ಮಕ್ಕಳು 98ರವರ ಜೊತೆ ಒಂದನೇ ಕ್ಲಾಸಿಗೆ ಹೋದರು. ಇಂಥವರನ್ನು ಪ್ಪರೂನ್ ಅನ್ನುತ್ತಾರೆ, ಬೇಗ ಹೋದವರು ಅಂತ. ಅವಳ ಕ್ಲಾಸ್‌ಮೇಟ್‌ಗಳೆಲ್ಲ 98ರವರೇ. ಅದಕ್ಕೇ ನಿಮ್ಮನ್ನು ಕಂಡ ಕೂಡಲೇ ಚಿಂಗು ಅಂದಳು. ಚಿಂಗು ಅಂದರೆ ಬರೀ ಸ್ನೇಹಿತೆ ಅಲ್ಲ, ಸಮವಯಸ್ಕಳು. ಒಂದು ವರ್ಷ ಚಿಕ್ಕವರು ಎಷ್ಟೇ ಆಪ್ತರಾದರೂ ಸಾಮಾನ್ಯವಾಗಿ ಚಿಂಗು ಅನ್ನಿಸಿಕೊಳ್ಳಲ್ಲ.

ಆಗಸ್ಟ್ ಹುಡುಗ ಶಾಲೆಯಲ್ಲಿ ಅವಳಿಗಿಂತ ಒಂದು ವರ್ಷ ಹಿಂದೆ. ಅದಕ್ಕೇ ನೂನಾ. ಆ ಪದ್ಧತಿ ನಿಂತಿದೆ. 2002ರ ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರೇ ಕೊನೆಯ ಪ್ಪರೂನ್‌ಗಳು. ಆದರೆ ಈಗ ಲ್ಯಾಬುಗಳಲ್ಲಿ, ಆಫೀಸುಗಳಲ್ಲಿ ಇರೋರಲ್ಲಿ ಬಹಳ ಜನ ಆ ಕಾಲದ ಮಕ್ಕಳೇ. ನಾಳೆ ಆಗಸ್ಟ್ ಹುಡುಗನ ಜೊತೆ ಓದಿದ ಇನ್ನೊಬ್ಬ ಬಂದು ಫೆಬ್ರವರಿ ಹುಡುಗಿಗೆ "ಇಬ್ಬರೂ 99 ತಾನೇ, ನಾವು ಚಿಂಗು" ಅಂದರೆ ಎಲ್ಲ ಎಡವಟ್ಟು. ಅವಳಿಗೆ ಚಿಂಗು ಆದವನ ಚಿಂಗು ಅವಳನ್ನು ನೂನಾ ಅನ್ನಬೇಕು. ಇದಕ್ಕೆ "ಜೊಕ್ಬೊ ಸಿಕ್ಕಾಯಿತು" ಅನ್ನುತ್ತಾರೆ. ಜೊಕ್ಬೊ ಅಂದರೆ ವಂಶವೃಕ್ಷ.

ನೇರಳೆ

ನಮ್ಮ ಬಿಟಿಎಸ್ ಬ್ಯಾಂಡಿನಲ್ಲೇ ನೋಡಿ! ಜಿನ್ ಹುಟ್ಟಿದ್ದು 1992ರ ಡಿಸೆಂಬರ್ 4. ಶುಗಾ 1993ರ ಮಾರ್ಚ್ 9. ಮೂರು ತಿಂಗಳ ವ್ಯತ್ಯಾಸ ಅಷ್ಟೇ, ಆದರೂ ಶುಗಾ ಅವರನ್ನು ಹ್ಯೊಂಗ್ ಅನ್ನಬೇಕು. ಜೆ-ಹೋಪ್ 1994ರ ಫೆಬ್ರವರಿ, ಆರ್‌ಎಂ ಅದೇ ವರ್ಷದ ಸೆಪ್ಟೆಂಬರ್. ಏಳು ತಿಂಗಳ ಅಂತರ, ಆದರೂ ಚಿಂಗು. ನಮ್ಮ ವೀ ಹುಟ್ಟಿದ್ದು 1995ರ ಡಿಸೆಂಬರ್ 30. ಜಿಮಿನ್‌ದು ಅದೇ ವರ್ಷದ ಅಕ್ಟೋಬರ್. ವೀ ಇನ್ನೆರಡು ದಿನ ತಡವಾಗಿ ಹುಟ್ಟಿದ್ದರೆ ಜಿಮಿನ್‌ಗೆ ಹ್ಯೊಂಗ್ ಅನ್ನಬೇಕಾಗಿತ್ತು 😄

ಸುವೋನ್ ರಘು

ಎರಡು ದಿನ ತಡವಾಗಿದ್ದರೆ ಜನವರಿ 1, ಆಗ ಪ್ಪರೂನ್ 96 ಆಗಿ ಜಿಮಿನ್ ಜೊತೆಗೇ ಶಾಲೆಗೆ ಹೋಗುತ್ತಿದ್ದರು. ಮತ್ತೆ ಚಿಂಗುವೇ ಆಗುತ್ತಿದ್ದರೋ ಏನೋ 😄 ಆದರೆ ನಿಮ್ಮ ಜೆ-ಹೋಪ್ ಉದಾಹರಣೆ ಚೆನ್ನಾಗಿದೆ. ಫೆಬ್ರವರಿಯಲ್ಲಿ ಹುಟ್ಟಿಯೂ ಶುಗಾಗೆ ಹ್ಯೊಂಗ್ ಅಂತಾರೆ, ಆರ್‌ಎಂಗೆ ಚಿಂಗು. ಅಂದರೆ ಪ್ಪರೂನ್ ಹಿಡಿಯೋದು, ಬಿಡೋದು ಆ ಗುಂಪಿಗೆ ಬಿಟ್ಟದ್ದು. ಸಹನಾ ಅವರ ಲ್ಯಾಬಿನ ಹುಡುಗಿ ಹಿಡಿದಿದ್ದಾಳೆ. ನೀವು ಒಪ್ಪಿಕೊಳ್ಳಿ, ಸಮವಯಸ್ಕಳು ಸಿಕ್ಕಿದ್ದೇ ಲಾಭ. ಅವಳ ಹತ್ತಿರ "ಯೊ" ಬಿಟ್ಟು ಮಾತಾಡಬಹುದು.

ನೇರಳೆ

ಹೌದು. ಇನ್ನೊಂದು, ಪಾಪ್ ಐಡಲ್‌ಗಳಲ್ಲಿ ಸನ್‌ಬೆನಿಮ್ ಅನ್ನೋದು ಮೊದಲು ಯಾರ ಡೆಬ್ಯೂ ಆಯ್ತು ಅನ್ನುವುದರ ಮೇಲೆ. 25ರ ಹೊಸಬ 20ರ ಹುಡುಗಿಗೆ ಬಗ್ಗಿ ಸನ್‌ಬೆನಿಮ್ ಅನ್ನುತ್ತಾನೆ. ಆದರೆ ನಾವು ಫ್ಯಾನ್ಸ್ ಮಾತ್ರ ಎಲ್ಲರಿಗೂ ಒಪ್ಪಾ! ನಮ್ಮ ಗುಂಪಿನಲ್ಲಿ ದಾವಣಗೆರೆಯ ಒಬ್ಬ ಆಂಟಿ ಇದ್ದಾರೆ, 40 ದಾಟಿದೆ, ಅವರೂ ಜಂಗ್‌ಕುಕ್ ಒಪ್ಪಾ ಅಂತಲೇ ಅನ್ನೋದು. ಚೆನ್ನಾಗಿದ್ದರೆ ಎಲ್ಲರೂ ಒಪ್ಪಾ ಅಂತ ಕೊರಿಯಾದಲ್ಲೇ ಗಾದೆ ಇದೆಯಂತೆ.

ಸಹನಾ ಕೆ.

ರಘು ಸರ್, ಕಣ್ಣು ತೆರೆಸಿದ್ರಿ. ಆಗಸ್ಟ್ ಹುಡುಗ ನನ್ನನ್ನೂ ನೂನಾ ಅನ್ನುತ್ತಾನಾ ಅಂತ ಕಾಯುತ್ತಿದ್ದೇನೆ. ಸದ್ಯಕ್ಕೆ ಸಹನಾ ಸ್ಸಿ. ಬ್ಯಾಂಕಿನವರದ್ದು ಇನ್ನೊಂದು ತಮಾಷೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಜಾಗದಲ್ಲಿದೆ ನೋಡಿ. "ಕೃಷ್ಣಮೂರ್ತಿ ನಿಮ್, ಕೃಷ್ಣಮೂರ್ತಿ ನಿಮ್" ಅಂತ ಕೌಂಟರಿನಿಂದ ಕೂಗಿದರೆ ನಾನು ಎದ್ದು ಹೋಗಬೇಕು.

95ರವರ ಬಗ್ಗೆ ಯಾರೂ ಹೇಳಲೇ ಇಲ್ಲ.

ಬುಸಾನ್ ಸೊಸೆ

ಅನ್ನು ಮಾರಾಯ್ತಿ, ಅದರಲ್ಲೇನಿದೆ. ಜೊತೆಗೇ ಸೇರಿದವರು, ಸನ್‌ಬೆ ಅನ್ನೋ ಹಾಗಿಲ್ಲ. ಹೆಸರಿಗೆ ಸ್ಸಿ ಹಚ್ಚಿ ಎಷ್ಟು ದಿನ ಕರೀತೀಯ? ಅವರೇ ಬಾಯಿ ಬಿಟ್ಟು ಹೇಳಿದ ಮೇಲೂ ಸ್ಸಿ ಅಂತಲೇ ಇದ್ದರೆ "ನೀನು ದೂರ ಇರು" ಅಂತ ಹೇಳಿದ ಹಾಗೆ. ಇಲ್ಲಿ ಕಾಲೇಜಿನ ಹುಡುಗಿಯರು ದಿನಕ್ಕೆ ಹತ್ತು ಜನಕ್ಕೆ ಒಪ್ಪಾ ಅಂತಾರೆ. ನಮ್ಮೂರಲ್ಲಿ ಆಟೋದವರಿಗೂ ಅಣ್ಣ ಅನ್ನಲ್ವಾ, ಹಾಗೆ.

ಒಪ್ಪಾ ಅಂದರೆ ಪ್ರೀತಿ ಮಾತ್ರ ಅನ್ನೋದು ಟಿವಿ ಮಾತು. ನಮ್ಮ ಮನೆ ಕಥೆ ಕೇಳಿ. ನನ್ನ ಗಂಡನಿಗೆ ನಾನು ಮದುವೆಗೆ ಮೊದಲಿನಿಂದ ಒಪ್ಪಾ ಅನ್ನುತ್ತೇನೆ. ಅವರ ತಂಗಿಯೂ ಒಪ್ಪಾ ಅನ್ನುತ್ತಾಳೆ, ಅವಳ ಸ್ವಂತ ಅಣ್ಣ ತಾನೇ. ಛೂಸೊಕ್ ಹಬ್ಬದ ದಿನ ಅಡುಗೆಮನೆಯಿಂದ ನಾನು "ಒಪ್ಪಾಯಾ" ಅಂದೆ, ಬುಸಾನ್ ಕಡೆ ಹಾಗೇ ಎಳೆದು ಕೂಗೋದು. ಹಾಲ್‌ನಿಂದ ಅವಳೂ ಅದೇ ಹೊತ್ತಿಗೆ "ಒಪ್ಪಾಯಾ" ಅಂದಳು. ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು, ಹೆಂಡತಿ ಯಾರು ತಂಗಿ ಯಾರು ಅಂತ ನಂಗೇ ಗೊತ್ತಾಗ್ತಿಲ್ಲ ಅಂದರು. ಅವತ್ತಿನಿಂದ ಅತ್ತೆ ಎದುರಿಗೆ ಮಗನ ಹೆಸರು ಸೇರಿಸಿ "ಇಂಥವನ ಅಪ್ಪಾ" ಅನ್ನುತ್ತೇನೆ. ನಮ್ಮಜ್ಜಿ ಕಾಲದ "ಇವನಪ್ಪ" ಇದ್ದ ಹಾಗೇ. ಅತ್ತೆ ಆ ಕಡೆ ಹೋದರೆ ಮತ್ತೆ ಒಪ್ಪಾ.

ಡ್ರಾಮಾಹುಚ್ಚಿ

ಅಕ್ಕಾ, ನೀವೇ ಹೇಳಿದ್ರಲ್ಲ, ಗಂಡನಿಗೂ ಒಪ್ಪಾ ಅಂತ. ಹಾಗಾದರೆ ನನ್ನ ಮಾತು ಪೂರ್ತಿ ತಪ್ಪಲ್ಲ! ಇಲ್ಲಿ ಒಬ್ಬನಿಗೆ ಅಣ್ಣ ಅಂದರೆ ಕಥೆ ಮುಗೀತು, ರಾಖಿ ಕಟ್ಟಿದ ಹಾಗೆ. ಅಲ್ಲಿ ಅಣ್ಣ ಅಂದರೆ ಕಥೆ ಶುರು.

ಸುವೋನ್ ರಘು

ಡ್ರಾಮಾಹುಚ್ಚಿ ಅವರ ಈ ಮಾತು ಸರಿ. ನಮ್ಮ ಅಣ್ಣ ಬಾಗಿಲು ಮುಚ್ಚುತ್ತೆ, ಒಪ್ಪಾ ಬಾಗಿಲು ಮುಚ್ಚಲ್ಲ. ಹಾಗಂತ ತೆರೆದಿದೆ ಅಂತಲೂ ಅಲ್ಲ. ಎರಡಕ್ಕೂ ಒಂದೇ ಪದ ಇರೋದರಿಂದ ಜನ ಬೇರೆ ಗುರುತು ನೋಡುತ್ತಾರೆ. ಅದನ್ನು ಹೇಳುತ್ತೇನೆ.

ಮೊದಲನೆಯದು, ಹೆಸರು ಇದೆಯೋ ಇಲ್ಲವೋ. ಅವರ ಹೆಸರು ಮಿನ್ಸು ಅಂತ ಇಟ್ಟುಕೊಳ್ಳಿ. "ಮಿನ್ಸು ಒಪ್ಪಾ" ಅಂದರೆ ನನಗೆ ಗೊತ್ತಿರುವ ಹತ್ತಾರು ಒಪ್ಪಾಗಳಲ್ಲಿ ಮಿನ್ಸು ಅನ್ನುವವರು. ಹತ್ತು ಜನರ ನಡುವೆ ಹೆಸರಿಲ್ಲದೆ ಬರೀ "ಒಪ್ಪಾ" ಅಂದರೆ ಒಬ್ಬರೇ ಇದ್ದಾರೆ ಅಂತ ಕೇಳಿಸುತ್ತೆ. ಸ್ವಂತ ಅಣ್ಣ, ಇಲ್ಲವೇ ಬಾಯ್‌ಫ್ರೆಂಡ್. ಎರಡನೆಯದು, ಕೊನೆಯ "ಯೊ". ಒಪ್ಪಾ ಅಂದ ಕೂಡಲೇ "ಯೊ" ಬಿಡಬೇಕು ಅಂತೇನಿಲ್ಲ. ನಾವೂ "ಅಣ್ಣಾ ಬನ್ನಿ" ಅಂತಲೂ ಅಂತೀವಿ, "ಅಣ್ಣಾ ಬಾ" ಅಂತಲೂ ಅಂತೀವಿ. ಕರೆಯೋ ಪದ ಒಂದು ತಿರುಗಣೆ, ಮಾತಿನ ಕೊನೆ ಇನ್ನೊಂದು. "ಮಿನ್ಸು ಒಪ್ಪಾ" ಜೊತೆಗೆ "ಯೊ" ಇದ್ದರೆ ಪರಿಚಯದ ಹಿರಿಯ, ಅಷ್ಟೇ. ಬರೀ ಒಪ್ಪಾ, "ಯೊ" ಇಲ್ಲ, ಅಂದರೆ ಸಲಿಗೆ ಬಹಳ ಇದೆ.

ಮೂರನೆಯದೇ ಮುಖ್ಯ. ಲ್ಯಾಬಿನ ಬೇರೆ ಹುಡುಗಿಯರು ಅವರನ್ನು ಏನಂತಾರೆ? ಎಲ್ಲರೂ ಒಪ್ಪಾ ಅಂದರೆ ನೀವೂ ಅನ್ನಿ. ಬೇರೆಯವರೆಲ್ಲ ಸ್ಸಿ ಅನ್ನುತ್ತಿದ್ದು ನಿಮಗೆ ಮಾತ್ರ "ಒಪ್ಪಾ ಅನ್ನು" ಅಂದಿದ್ದರೆ ಸ್ವಲ್ಪ ತಡೆಯಿರಿ.

ಕಾಲೇಜುಗಳಲ್ಲಿ ಒಪ್ಪಾ ಇಷ್ಟು ಸಾಮಾನ್ಯ ಆಗೋಕೆ ಸೈನ್ಯವೂ ಒಂದು ಕಾರಣ. ಹುಡುಗರು ಓದಿನ ನಡುವೆ ಬಿಟ್ಟು ಸೈನ್ಯಕ್ಕೆ ಹೋಗುತ್ತಾರೆ, ಭೂಸೇನೆಯಾದರೆ ಈಗ 18 ತಿಂಗಳು. ವಾಪಸ್ ಬಂದಾಗ ಅವರ ಜೊತೆ ಸೇರಿದ ಹುಡುಗಿಯರು ಮುಂದೆ ಹೋಗಿರುತ್ತಾರೆ. ಪಕ್ಕದ ಬೆಂಚಿನಲ್ಲಿ ಎರಡು ವರ್ಷ ಚಿಕ್ಕ ಹುಡುಗಿಯರು. ಅವರಿಗೆಲ್ಲ ಇವನು ಒಪ್ಪಾ.

ಇದು ಯಾವಾಗಲೂ ಹೀಗೇ ಇರಲಿಲ್ಲ. 80ರ ದಶಕದಲ್ಲಿ ವಿದ್ಯಾರ್ಥಿ ಚಳವಳಿಯ ಕಾಲಕ್ಕೆ ಕ್ಯಾಂಪಸ್ಸಿನ ಹುಡುಗಿಯರು ಗಂಡು ಸೀನಿಯರ್‌ಗಳನ್ನು ಹ್ಯೊಂಗ್ ಅನ್ನುತ್ತಿದ್ದರು, ಗಂಡಸರು ಬಳಸುವ ಪದವನ್ನೇ. ಒಪ್ಪಾದಲ್ಲಿರುವ ಹುಡುಗಿತನ ಅವರಿಗೆ ಬೇಡವಾಗಿತ್ತು. ಈಗ ಅರವತ್ತರ ಆಸುಪಾಸಿನಲ್ಲಿರುವ ಹೆಂಗಸರ ಬಾಯಲ್ಲಿ ಆ ಹ್ಯೊಂಗ್ ಇನ್ನೂ ಕೇಳಬಹುದು.

ವೈಟ್‌ಫೀಲ್ಡ್ ಮಂಜ

ಇಷ್ಟೆಲ್ಲ ಯಾಕೆ ಸಾರ್, ನಿಮ್ ಅಂದರೆ ಆಗಲ್ವಾ?

ಸುವೋನ್ ರಘು

ಮಂಜಣ್ಣ, ನಿಮ್ಮದು ಆಫೀಸು. ಸಿಜೆ ಕಂಪನಿ 2000ದಲ್ಲೇ ಹುದ್ದೆಯ ಹೆಸರು ಬಿಟ್ಟು ಎಲ್ಲರಿಗೂ ನಿಮ್ ಅಂತ ಮಾಡಿತು. ಆಮೇಲೆ ಬಹಳ ಕಂಪನಿಗಳು ಹಿಂಬಾಲಿಸಿದವು. ಕಕಾವೊ ಕಂಪನಿ ಇಂಗ್ಲಿಷ್ ಹೆಸರಿಟ್ಟುಕೊಂಡು ಕರೆಯುವ ರೂಢಿ ತಂದಿತು. ಯಾಕೆಂದರೆ ಬಾಸ್‌ಗೆ ಹುದ್ದೆ ಹಿಡಿದು "ಬುಜಂಗ್ ನಿಮ್" ಅಂದ ಬಾಯಲ್ಲಿ "ನಿಮ್ಮ ಲೆಕ್ಕ ತಪ್ಪಿದೆ" ಅನ್ನೋದು ಕಷ್ಟ. ಆಫೀಸಿನಲ್ಲಿ ಒಪ್ಪಾ ಅಂದರೆ ಕೆಲಸಕ್ಕೆ ಸಲಿಗೆ ಬೆರೆಸಿದ ಹಾಗೆ, ಮುಖ ಸಿಂಡರಿಸುತ್ತಾರೆ. ಅಲ್ಲಿ ನೀವು ಹೇಳಿದ್ದೇ ಸರಿ. ಆದರೆ ಲ್ಯಾಬು ಅರ್ಧ ಆಫೀಸು, ಅರ್ಧ ಹಾಸ್ಟೆಲ್. ರಾತ್ರಿ ಒಟ್ಟಿಗೆ ಕೂತು ಮಾಂಸ ಸುಟ್ಟು ತಿನ್ನುವಾಗ ಮಿನ್ಸು ನಿಮ್ ಅಂದರೆ ಕಸ್ಟಮರ್ ಕೇರ್‌ನಿಂದ ಫೋನ್ ಬಂದ ಹಾಗಿರುತ್ತೆ.

ನಿವೃತ್ತ ಮೇಷ್ಟ್ರು

ಅಪ್ಪನ ವಿಚಾರ ಹಾಗಿರಲಿ. ಉತ್ತರ ಕೊರಿಯಾದಲ್ಲಿ ಒಪ್ಪಾ ಅನ್ನುವುದನ್ನು ಕಾನೂನಿನಿಂದಲೇ ನಿಷೇಧಿಸಿದ್ದಾರೆ ಅಂತ ಪತ್ರಿಕೆಯಲ್ಲಿ ಓದಿದ ನೆನಪು. ನಿಜವೇ?

ಸುವೋನ್ ರಘು

ನಿಜ ಮೇಷ್ಟ್ರೇ. 2023ರ ಜನವರಿಯ ಪ್ಯಾಂಗ್‌ಯಾಂಗ್ ಭಾಷಾ ಕಾನೂನು. ಸ್ವಂತ ಅಣ್ಣನನ್ನು ಕರೆಯಬಹುದು. ಮಕ್ಕಳ ಸಂಘದಲ್ಲಿರುವ ವಯಸ್ಸಿನವರೆಗೂ ಅಡ್ಡಿಯಿಲ್ಲ. ಯುವಜನ ಸಂಘಕ್ಕೆ ಸೇರಿದ ಮೇಲೆ ಸಂಬಂಧಿಯಲ್ಲದ ಹುಡುಗನಿಗೆ ಒಪ್ಪಾ ಅನ್ನುವಂತಿಲ್ಲ. ದೊಂಗ್ಜಿ, ದೊಂಗ್ಮು ಅನ್ನಬೇಕು, ನಮ್ಮ ಕಾಮ್ರೇಡ್ ಇದ್ದ ಹಾಗೆ. ಈ ಸಲಿಗೆಯ ಒಪ್ಪಾ ದಕ್ಷಿಣದ ಡ್ರಾಮಾಗಳಿಂದ ಗಡಿ ದಾಟಿ ಹೋದದ್ದು ಅಂತ ಅವರಿಗೆ ಸಿಟ್ಟು.

ಸಹನಾ ಕೆ.

ರಘು ಸರ್ ಹೇಳಿದ ಹಾಗೆ ಗಮನಿಸಿದೆ. ಫೆಬ್ರವರಿ ಹುಡುಗಿ ಅವರನ್ನು ಹೆಸರು ಸೇರಿಸಿ ಒಪ್ಪಾ ಅನ್ನುತ್ತಾಳೆ, ಕೊನೆಗೆ ಯೊ ಇದೆ. ಆಗಸ್ಟ್ ಹುಡುಗ ಹ್ಯೊಂಗ್ ಅನ್ನುತ್ತಾನೆ. ಅಬ್ಬ, ನನಗೊಬ್ಬಳಿಗೇ ಹೇಳಿದ್ದಲ್ಲ ಅಂತ ಸಮಾಧಾನ ಆಯ್ತು.

ಆದರೆ ನಿನ್ನೆ ರಾತ್ರಿ ಕಕಾವೊಟಾಕ್‌ನಲ್ಲಿ ಅವರಿಂದ ಮೆಸೇಜ್ ಬಂತು. "ಒಪ್ಪಾಗ ಬಪ್ ಸಜುಲ್ಗೆ." ಒಪ್ಪಾ ಊಟ ಕೊಡಿಸ್ತೀನಿ ಅಂತ. ನಾನು ಇನ್ನೂ ಒಂದು ಸಲವೂ ಒಪ್ಪಾ ಅಂದಿಲ್ಲ, ಅವರೇ ತಮ್ಮನ್ನು ಒಪ್ಪಾ ಅಂದುಕೊಂಡರು! ಗುಂಪಿನಲ್ಲಿ ಅಲ್ಲ, ನನಗೆ ಮಾತ್ರ ಕಳಿಸಿದ್ದು. ಇದನ್ನು ಹೇಗೆ ತಗೊಳ್ಳಲಿ?

ಡ್ರಾಮಾಹುಚ್ಚಿ

ನಾನು ಹೇಳಲಿಲ್ವಾ!!!

ಬುಸಾನ್ ಸೊಸೆ

ಏನೂ ಇಲ್ಲ. ದೊಡ್ಡವರು ಚಿಕ್ಕವರಿಗೆ ಊಟ ಕೊಡಿಸೋದು ಇಲ್ಲಿ ರೂಢಿ. ಒಪ್ಪಾ, ಒನ್ನಿ ಅನ್ನಿಸಿಕೊಂಡ ಮೇಲೆ ಬಿಲ್ ಅವರದ್ದೇ. ನನ್ನ ನಾದಿನಿ ಆಫೀಸಿನ ಚಿಕ್ಕ ಹುಡುಗಿಯರಿಗೆ "ಒನ್ನಿ ಕೊಡಿಸ್ತೀನಿ" ಅಂತ ಕರ್ಕೊಂಡು ಹೋಗಿ ಸಂಬಳ ಎಲ್ಲ ಕಾಫಿಗೇ ಸುರಿಯುತ್ತಾಳೆ. ಗಂಗ್ನಮ್ ಸ್ಟೈಲ್ ಹಾಡಲ್ಲೂ ಹಾಡುವವನು ತನ್ನನ್ನೇ ತಾನು ಒಪ್ಪಾ ಅಂದುಕೊಳ್ಳೋದು. ಗಂಡಸರಿಗೆ ಅದೊಂದು ಚಟ.

ಸುವೋನ್ ರಘು

ಇಲ್ಲಿ ನಾನು ಸೊಸೆಯವರ ಜೊತೆ ಪೂರ್ತಿ ಹೋಗಲ್ಲ. ಕೊಡಿಸೋದು ರೂಢಿ, ಒಪ್ಪಿದೆ. ಆದರೆ ನೀವು ಒಪ್ಪಾ ಅನ್ನೋ ಮೊದಲೇ ಅವರೇ ಆ ಪಟ್ಟ ಏರಿ ಕೂತಿದ್ದಾರೆ. "ನಾನು" ಅನ್ನೋಕೆ ಬೇರೆ ಪದ ಇದ್ದೂ ಒಪ್ಪಾ ಅಂದದ್ದು ಸ್ವಲ್ಪ ಮೈಮೇಲೆ ಬಿದ್ದ ಹಾಗೆ. ಎಷ್ಟೋ ಕೊರಿಯನ್ ಹುಡುಗಿಯರಿಗೆ ಇದು ಕಿರಿಕಿರಿ, ನನ್ನ ಆಫೀಸಿನವರೇ ಹೇಳುತ್ತಾರೆ. ಪ್ರೀತಿಯೋ, ದೊಡ್ಡಸ್ತಿಕೆಯೋ, ಬರೀ ಒಳ್ಳೆಯತನವೋ ಅನ್ನೋದು ಒಂದು ಮೆಸೇಜಿನಿಂದ ಗೊತ್ತಾಗಲ್ಲ.

ಉತ್ತರದಲ್ಲಿ ನೀವೇ ಅಳತೆ ಇಡಬಹುದು. "ಮಿನ್ಸು ಒಪ್ಪಾ, ಥ್ಯಾಂಕ್ಸ್" ಅಂತ ಹೆಸರು ಸೇರಿಸಿ, ಯೊ ಹಚ್ಚಿ ಬರೆಯಿರಿ. ಅವರು ಕೇಳಿದ ಪದ ಕೊಟ್ಟ ಹಾಗೂ ಆಯ್ತು, ದೂರ ಎಷ್ಟು ಅಂತ ಹೇಳಿದ ಹಾಗೂ ಆಯ್ತು. ಫೆಬ್ರವರಿ ಹುಡುಗಿಯೂ ಬರಲಿ ಅಂತ ಸೇರಿಸಿ. ಅವರಿಗೆ ಊಟವೇ ಮುಖ್ಯ ಆಗಿದ್ದರೆ ಮೂವರಿಗೂ ಕೊಡಿಸುತ್ತಾರೆ.

ಬುಸಾನ್ ಸೊಸೆ

ರಘು, ನೀವು ಗಂಡಸರು ಎಲ್ಲದಕ್ಕೂ ಸ್ಕೇಲ್ ಹಿಡೀತೀರಿ. ಪಾಪದವನು ಊಟಕ್ಕೆ ಕರೆದರೆ ಇಷ್ಟು ತನಿಖೆಯಾ? ಆದರೆ ಆ ಹುಡುಗಿಯನ್ನು ಕರ್ಕೊಂಡು ಹೋಗು ಸಹನಾ. ಅಷ್ಟು ಒಪ್ಪುತ್ತೇನೆ.

ಸಹನಾ ಕೆ.

ಹೆಸರು, ಒಪ್ಪಾ, ಯೊ, ಮೂರೂ ಹಾಕಿ ಕಳಿಸಿದೆ. ಗುರುವಾರ ಮೂವರೂ ಹೋಗುತ್ತಿದ್ದೇವೆ. "ಓಕೆ ಓಕೆ, ಜಾಸ್ತಿ ಜನ ಇದ್ದರೆ ಒಳ್ಳೆಯದೇ" ಅಂದರು. ಇದರಿಂದಲೂ ಏನೂ ಗೊತ್ತಾಗಲಿಲ್ಲ 😅

ಇನ್ನೊಂದು ಸುದ್ದಿ. ಇವತ್ತು ಲೀಡರ್‌ಗೆ ಸನ್‌ಬೆನಿಮ್ ಅಂದೆ. ಅವನು ಗಾಬರಿಯಾಗಿ ನಿಮ್ ಬೇಡ ಅಂದ. ಹಾಗಾದರೆ ಬರೀ ಸನ್‌ಬೆ ಅನ್ನಲಾ ಅಂದರೆ ಅದಕ್ಕೂ ತಲೆ ಕೆರೆದುಕೊಂಡ. ನನ್ನನ್ನು ನೂನಾ ಅನ್ನೋಕೆ ಅವನಿಗೆ ಇನ್ನೂ ಧೈರ್ಯ ಇಲ್ಲ, ಹೆಸರು ಹಿಡಿದು ಕರೆಯೋಕೆ ನನಗೆ ಇಲ್ಲ. ಈಗ ಅವನೂ ಎದ್ದು ಬಂದು ನನ್ನ ಮೇಜಿನ ಮುಂದೆ ನಿಂತು ಮಾತಾಡಿಸುತ್ತಿದ್ದಾನೆ. ಇದಕ್ಕೇನು ಮಾಡೋದು ರಘು ಸರ್?

ಸುವೋನ್ ರಘು

ಮುಂದಿನ ಲ್ಯಾಬ್ ಊಟದವರೆಗೆ ಕಾಯಿರಿ. ದೊಡ್ಡವರು ನೀವು, ಹಾಗಾಗಿ "ನೂನಾ ಅನ್ನು" ಅಂತ ಮೊದಲು ಹೇಳಬೇಕಾದವರೂ ನೀವೇ, ಅವನಾಗಿ ಹೇಳೋ ಹಾಗಿಲ್ಲ. ಅಲ್ಲಿಯವರೆಗೆ ಅವನು ಏನೇ ಅಂದರೂ ಸನ್‌ಬೆನಿಮ್ ಬಿಡಬೇಡಿ. ಒಂದು ಸಲಕ್ಕೆ ಬೇಡ ಅನ್ನೋದು ಇಲ್ಲಿ ಮರ್ಯಾದೆ. ಮೂರು ಸಲ ಬೇಡ ಅಂದರೆ ನಿಜವಾಗಿಯೂ ಬೇಡ.

ವೈಟ್‌ಫೀಲ್ಡ್ ಮಂಜ

ನಿಮ್ ಅಂದಿದ್ದರೆ ಇದ್ಯಾವುದೂ ಇರ್ತಿರಲಿಲ್ಲ.